ಬೈನಾಮಿಯಲ್ಲೋ ಪಾಯ್ಸಾನೋ? ಒಂದು ಅಡಿಕೆ ಗೋಣಿಯಿಂದ ಕಲಿಯೋಣ

"ಸರ್, n 200 ಇದೆ ಅಲ್ವಾ, ಪಾಯ್ಸಾನ್ ಹಾಕಬಹುದಲ್ವಾ?" ಸಂಭವನೀಯತೆಯ ಪಾಠ ಮಾಡುವಾಗ ನಾನು ಹೆಚ್ಚು ಕೇಳುವ ಪ್ರಶ್ನೆ ಇದು. n ಅಂದರೆ ಒಟ್ಟು ಪ್ರಯತ್ನಗಳು, p ಅಂದರೆ ಒಂದು ಪ್ರಯತ್ನದಲ್ಲಿ ನಾವು ಎಣಿಸುವ ಘಟನೆ ಆಗುವ ಸಂಭವ. ಉತ್ತರ ಇಷ್ಟೇ: n ನೋಡಿ ತೀರ್ಮಾನ ಮಾಡಬೇಡಿ, p ನೋಡಿ. n ಎಷ್ಟೇ ದೊಡ್ಡದಿರಲಿ, p ಸಣ್ಣದಲ್ಲದಿದ್ದರೆ ಪಾಯ್ಸಾನ್ ಸರಿಯಾದ ಉತ್ತರ ಕೊಡುವುದಿಲ್ಲ. ಯಾಕೆ ಹಾಗೆ ಅನ್ನುವುದನ್ನು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾರಿಗೂ ಪರಿಚಯ ಇರುವ ಅಡಿಕೆ ಗೋಣಿಯನ್ನೇ ಇಟ್ಟುಕೊಂಡು ನೋಡೋಣ. ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿರಲಿ.

ಹಂತ 1: ಎಣಿಕೆಗೆ ಮೇಲ್ಮಿತಿ ಇದೆಯಾ?

ಲೆಕ್ಕ ಓದಿದ ಕೂಡಲೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಗೋಣಿಯಿಂದ 100 ಅಡಿಕೆ ತೆಗೆದು ಅದರಲ್ಲಿ ಕರಿಗೋಟು ಎಷ್ಟಿದೆ ಅಂತ ಎಣಿಸಿದರೆ ಉತ್ತರ 0 ಆಗಬಹುದು, 7 ಆಗಬಹುದು, ಆದರೆ 101 ಆಗಲಾರದು. ಇಲ್ಲಿ 100 ಪ್ರಯತ್ನಗಳಿವೆ. ಪ್ರತಿಯೊಂದಕ್ಕೂ ಎರಡೇ ಫಲಿತಾಂಶ, ಕರಿಗೋಟು ಅಥವಾ ಅಲ್ಲ. ಆದದ್ದನ್ನೂ ಎಣಿಸಬಹುದು, ಆಗದೇ ಇದ್ದದ್ದನ್ನೂ ಎಣಿಸಬಹುದು. ಇದು ಬೈನಾಮಿಯಲ್ ಜಾತಿಯ ಲೆಕ್ಕ.

ಈಗ ಊರಿನ ಸೊಸೈಟಿ ಬ್ಯಾಂಕಿನ ಕೌಂಟರ್ ನೆನಪಿಸಿಕೊಳ್ಳಿ. ಬೆಳಿಗ್ಗೆ 10ರಿಂದ 11ರ ನಡುವೆ ಎಷ್ಟು ಜನ ಬಂದರು? 6 ಅಂತ ಹೇಳಬಹುದು. ಆದರೆ "ಎಷ್ಟು ಜನ ಬರಲಿಲ್ಲ" ಅಂತ ಕೇಳಿದರೆ ಉತ್ತರ ಎಲ್ಲಿಂದ ತರುವುದು? ಇಲ್ಲಿ n ಅನ್ನುವುದೇ ಇಲ್ಲ. ಇರುವುದು ಒಂದು ಅವಧಿ ಮತ್ತು ಆ ಅವಧಿಗೆ ಒಂದು ಸರಾಸರಿ. ಇದು ನೇರವಾಗಿ ಪಾಯ್ಸಾನ್.

"ಆಗದೇ ಇದ್ದದ್ದನ್ನು ಎಣಿಸಬಹುದಾ?" ಅನ್ನುವ ಈ ಒಂದು ಪ್ರಶ್ನೆಯಲ್ಲೇ ಪರೀಕ್ಷೆಯ ಬಹುಪಾಲು ಲೆಕ್ಕಗಳು ಇತ್ಯರ್ಥ ಆಗುತ್ತವೆ.

ಹಂತ 2: ಬೈನಾಮಿಯಲ್ ನಿಜವಾಗಿಯೂ ಹೊಂದುತ್ತದಾ?

n ಇದ್ದ ಮಾತ್ರಕ್ಕೆ ಬೈನಾಮಿಯಲ್ ಆಗಿಬಿಡುವುದಿಲ್ಲ. ಇನ್ನೂ ಎರಡು ವಿಷಯ ಬೇಕು. ಪ್ರತಿ ಅಡಿಕೆಯೂ ಕರಿಗೋಟು ಆಗಿರುವ ಸಂಭವ ಒಂದೇ p ಆಗಿರಬೇಕು. ಒಂದು ಅಡಿಕೆ ಹೇಗಿದೆ ಅನ್ನುವುದು ಮುಂದಿನದರ ಮೇಲೆ ಪ್ರಭಾವ ಬೀರಬಾರದು.

ಗೋಣಿಯ ಮಟ್ಟಿಗೆ ಇದರ ಅರ್ಥ ಬಹಳ ಸರಳ. ಮೇಲಿನಿಂದ ಮಾತ್ರ ಎರಡು ಮುಷ್ಟಿ ತೆಗೆದರೆ ಆಗುವುದಿಲ್ಲ. ಗೋಣಿ ತುಂಬುವಾಗ ಒಂದೊಂದು ರಾಶಿ ಒಂದೊಂದು ಕಡೆ ಸೇರಿರುತ್ತದೆ. ಹಾಳು ಅಡಿಕೆ ತಳದಲ್ಲಿ ಒಟ್ಟಾಗಿರಲೂಬಹುದು. ಹಾಗಾಗಿ ಅಂಗಳದಲ್ಲಿ ಸುರಿದು, ಚೆನ್ನಾಗಿ ಕಲಸಿ, ಬೇರೆ ಬೇರೆ ಕಡೆಯಿಂದ ಹೆಕ್ಕಬೇಕು. ಹಾಗೆ ಹೆಕ್ಕಿದರೆ ಮಾತ್ರ p ಎಲ್ಲದಕ್ಕೂ ಒಂದೇ ಅಂತ ಹೇಳಲು ಆಧಾರ ಇರುತ್ತದೆ.

ಇನ್ನೊಂದು ಸೂಕ್ಷ್ಮ. ತೆಗೆದ ಅಡಿಕೆಯನ್ನು ನಾವು ವಾಪಸ್ ಹಾಕುವುದಿಲ್ಲ, ಹಾಗಾಗಿ p ಪ್ರತಿ ಸಲ ಕೂದಲೆಳೆಯಷ್ಟು ಬದಲಾಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಹೈಪರ್‌ಜಿಯೊಮೆಟ್ರಿಕ್. ಆದರೆ ಗೋಣಿಯಲ್ಲಿ ಸಾವಿರಾರು ಅಡಿಕೆ ಇದ್ದು ನಾವು 100 ಮಾತ್ರ ತೆಗೆದರೆ ಈ ವ್ಯತ್ಯಾಸವನ್ನು ಬಿಟ್ಟುಬಿಡಬಹುದು. ತೆಗೆದದ್ದು ಒಟ್ಟಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸಾಕು ಅನ್ನುವುದು ರೂಢಿ. 300 ಅಡಿಕೆಯ ಸಣ್ಣ ಚೀಲದಿಂದ 100 ತೆಗೆದರೆ ಮಾತ್ರ ಬೈನಾಮಿಯಲ್ ಹಾಕಬೇಡಿ.

ಹಂತ 3: ನಿಖರ ಲೆಕ್ಕವನ್ನು ಮೊದಲು ಮಾಡಿ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಿಮ್ಮ ಅಡಿಕೆಯಲ್ಲಿ ನಿಜವಾಗಿ ಇರುವುದು ಶೇಕಡಾ 2 ಕರಿಗೋಟು. ಕೊಳ್ಳುವವರ ನಿಯಮ ಹೀಗಿರಲಿ: 100 ಅಡಿಕೆ ನೋಡುತ್ತೇವೆ, ಕರಿಗೋಟು 5 ಅಥವಾ ಜಾಸ್ತಿ ಸಿಕ್ಕಿದರೆ ದರ ಇಳಿಸುತ್ತೇವೆ. ಒಳ್ಳೆಯ ಮಾಲು ಇದ್ದೂ ದರ ಇಳಿಯುವ ಸಂಭವ ಎಷ್ಟು?

n = 100, p = 0.02. ಸೂತ್ರ ಗೊತ್ತಿರುವುದೇ:

P(X = k) = C(n, k) · p^k · (1 − p)^(n − k)

k = 0ಕ್ಕೆ 0.98^100 = 0.1326. ಇಲ್ಲಿಂದ ಮುಂದೆ ಪ್ರತಿ ಸಲ ಪೂರ್ತಿ ಸೂತ್ರ ಹಾಕುತ್ತಾ ಕೂರಬೇಡಿ. ಹಿಂದಿನ ಉತ್ತರವನ್ನು (n − k)/(k + 1) × p/(1 − p) ಇಂದ ಗುಣಿಸಿದರೆ ಮುಂದಿನದು ಸಿಗುತ್ತದೆ. ಪಾಯ್ಸಾನಿಗೆ ಇದು ಇನ್ನೂ ಸುಲಭ: ಸರಾಸರಿ λ = np = 2, P(0) = e^(−2) = 0.1353, ಮುಂದಿನದಕ್ಕೆ λ/(k + 1) ಇಂದ ಗುಣಿಸಿದರೆ ಆಯ್ತು.

| k | ಬೈನಾಮಿಯಲ್ | ಪಾಯ್ಸಾನ್ |
|---|---|---|
| 0 | 0.1326 | 0.1353 |
| 1 | 0.2707 | 0.2707 |
| 2 | 0.2734 | 0.2707 |
| 3 | 0.1823 | 0.1804 |
| 4 | 0.0902 | 0.0902 |
| 5 ಅಥವಾ ಜಾಸ್ತಿ | 0.0508 | 0.0527 |

ಒಳ್ಳೆಯ ಮಾಲಿಗೂ ಸುಮಾರು ಇಪ್ಪತ್ತರಲ್ಲಿ ಒಂದು ಸಲ ದರ ಇಳಿಯುತ್ತದೆ. ಬೈನಾಮಿಯಲ್ ಹೇಳುವುದೂ ಅದನ್ನೇ, ಪಾಯ್ಸಾನ್ ಹೇಳುವುದೂ ಅದನ್ನೇ. ಇಷ್ಟು ಹತ್ತಿರ ಬಂದದ್ದು ಹೇಗೆ?

ಹಂತ 4: k = 2ರ ಸಾಲನ್ನು ಬಿಚ್ಚಿ ನೋಡಿ

ಹೆಚ್ಚಿನ ಕಡೆ "n ಅನಂತಕ್ಕೆ ಹೋದಾಗ" ಅಂತ ಸಾಧನೆ ಕೊಡುತ್ತಾರೆ. ಅದು ಸರಿಯೇ. ಆದರೆ ನಿಜವಾದ ಅಂಕಿಗಳಲ್ಲಿ ಒಮ್ಮೆ ನೋಡಿದರೆ ವಿಷಯ ಮನಸ್ಸಿಗೆ ಇಳಿಯುತ್ತದೆ.

ಬೈನಾಮಿಯಲ್ ಉತ್ತರದಲ್ಲಿ ಎರಡು ತುಂಡುಗಳಿವೆ. ಮೊದಲನೆಯದು C(100, 2) × 0.02², ಅಂದರೆ 4950 × 0.0004 = 1.98. ಪಾಯ್ಸಾನಿನಲ್ಲಿ ಅದೇ ಜಾಗದಲ್ಲಿ ಇರುವುದು λ²/2 = 2. ಅಂದರೆ ಬೈನಾಮಿಯಲ್ ತುಂಡು ಶೇಕಡಾ 1 ಕಡಿಮೆ. ಕಾರಣ, ಬೈನಾಮಿಯಲ್ಲಿನಲ್ಲಿ 100 × 99 ಇದೆ, ಪಾಯ್ಸಾನ್ ಅದನ್ನು 100 × 100 ಅಂತ ಹಿಡಿಯುತ್ತದೆ.

ಎರಡನೆಯದು 0.98^98 = 0.1381. ಪಾಯ್ಸಾನಿನಲ್ಲಿ ಅದರ ಬದಲಿಗೆ ಇರುವುದು e^(−2) = 0.1353. ಇಲ್ಲಿ ಬೈನಾಮಿಯಲ್ ತುಂಡು ಶೇಕಡಾ 2ರಷ್ಟು ಜಾಸ್ತಿ.

ಒಂದು ಕೆಳಗೆ, ಒಂದು ಮೇಲೆ. ಗುಣಿಸಿದಾಗ ತಪ್ಪುಗಳು ಒಂದನ್ನೊಂದು ಸ್ವಲ್ಪ ತಿಂದುಹಾಕುತ್ತವೆ, ಉಳಿಯುವುದು ಶೇಕಡಾ 1. ಸರಾಸರಿಯ ಆಸುಪಾಸಿನಲ್ಲಿ ಪಾಯ್ಸಾನ್ ಚೆನ್ನಾಗಿ ಹೊಂದುವುದು ಇದರಿಂದಲೇ. k ದೊಡ್ಡದಾದಂತೆ ಈ ಹೊಂದಾಣಿಕೆ ಉಳಿಯುವುದಿಲ್ಲ. 100 × 99 × 98 × 97 ಅಂತ ಇಳಿಯುತ್ತಾ ಹೋಗುವುದನ್ನು ಪಾಯ್ಸಾನ್ ಗಮನಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಕಥೆ ಹಂತ 8ರಲ್ಲಿ.

ಹಂತ 5: p ಸಣ್ಣದಾ? ಇದೇ ಮುಖ್ಯ ಪರೀಕ್ಷೆ

λ = 2 ಹಾಗೇ ಇರಲಿ. ಅದನ್ನು ಮೂರು ಬೇರೆ ರೀತಿಯಲ್ಲಿ ತಂದು, "ಒಂದೂ ಸಿಗದಿರುವ" ಸಂಭವ ನೋಡೋಣ. ಪಾಯ್ಸಾನಿನ ಉತ್ತರ ಮೂರಕ್ಕೂ 0.1353.

n = 10, p = 0.2 ಆದರೆ ನಿಖರ ಉತ್ತರ 0.1074. ತುಂಬಾ ದೂರ. n = 100, p = 0.02 ಆದರೆ 0.1326. ಹತ್ತಿರ. n = 1000, p = 0.002 ಆದರೆ 0.1351. ಬಹುತೇಕ ಒಂದೇ.

ಇದನ್ನು ನೋಡಿ "n ಜಾಸ್ತಿ ಆದಂತೆ ಸರಿಹೋಯಿತು" ಅಂತ ಅನಿಸುವುದು ಸಹಜ. ಆದರೆ ಇಲ್ಲಿ n ಏರುವಾಗ p ಕೂಡಾ ಇಳಿದಿದೆ. ಎರಡರಲ್ಲಿ ಕೆಲಸ ಮಾಡಿದ್ದು ಯಾವುದು? p ಯನ್ನು 0.2ರಲ್ಲೇ ಬಿಟ್ಟು n ಮಾತ್ರ 200ಕ್ಕೆ ಏರಿಸಿ ನೋಡಿ. λ = 40. ಸರಿಯಾಗಿ 40 ಸಿಗುವ ಸಂಭವ ಬೈನಾಮಿಯಲ್ಲಿನಲ್ಲಿ ಸುಮಾರು 0.070, ಪಾಯ್ಸಾನಿನಲ್ಲಿ ಸುಮಾರು 0.063. n ಇಪ್ಪತ್ತು ಪಟ್ಟು ಆಯಿತು, ಆದರೂ ಉತ್ತರ ಸರಿಹೋಗಲಿಲ್ಲ.

ಕಾರಣ ವೇರಿಯನ್ಸ್. ಬೈನಾಮಿಯಲ್ಲಿನ ವೇರಿಯನ್ಸ್ np(1 − p), ಪಾಯ್ಸಾನಿನದ್ದು λ, ಅಂದರೆ np. ಎರಡರ ಅನುಪಾತ 1 − p. ಇದರಲ್ಲಿ n ಇಲ್ಲವೇ ಇಲ್ಲ! p = 0.2 ಆದರೆ ಒಂದರ ವೇರಿಯನ್ಸ್ 32, ಇನ್ನೊಂದರದ್ದು 40. n ಅನ್ನು ಲಕ್ಷಕ್ಕೆ ಏರಿಸಿದರೂ ಈ ಶೇಕಡಾ 20ರ ಅಂತರ ಹಾಗೇ ಇರುತ್ತದೆ. ಇಂಥ ಕಡೆ ನಾರ್ಮಲ್ ಅಂದಾಜು ಬಳಸಿ, ಸರಾಸರಿ 40, ವೇರಿಯನ್ಸ್ 32 ಇಟ್ಟುಕೊಂಡು.

ಇದಕ್ಕೆ ಗಟ್ಟಿಯಾದ ಪ್ರಮೇಯವೂ ಇದೆ. 1960ರಲ್ಲಿ ಲೂಸಿಯನ್ ಲೆ ಕಾಮ್ ಕೊಟ್ಟ ಮಿತಿಯ ಪ್ರಕಾರ, ಯಾವುದೇ ಘಟನೆಗೆ ಎರಡು ವಿತರಣೆಗಳು ಕೊಡುವ ಸಂಭವಗಳ ವ್ಯತ್ಯಾಸ np² ಗಿಂತ ಜಾಸ್ತಿ ಆಗದು. 1984ರಲ್ಲಿ ಬಾರ್ಬರ್ ಮತ್ತು ಹಾಲ್ ಇದನ್ನು ಇನ್ನೂ ಬಿಗಿ ಮಾಡಿದರು. ಅದರಿಂದ ವ್ಯತ್ಯಾಸ p ಗಿಂತಲೂ ಜಾಸ್ತಿ ಆಗದು ಅಂತ ಸಿಗುತ್ತದೆ. ಹಾಗಾಗಿ np² ಮತ್ತು p ಎರಡರಲ್ಲಿ ಯಾವುದು ಸಣ್ಣದೋ ಅದು ನಿಮ್ಮ ಗ್ಯಾರಂಟಿ. ನಮ್ಮ ಗೋಣಿಯಲ್ಲಿ np² = 0.04, p = 0.02. ಗ್ಯಾರಂಟಿ 0.02, ನಿಜವಾಗಿ ಬರುವ ಅತಿ ದೊಡ್ಡ ವ್ಯತ್ಯಾಸ ಸುಮಾರು 0.0046. n = 10, p = 0.2ರಲ್ಲಿ ಅದು ಸುಮಾರು 0.052. ಎರಡು ಕಡೆಯೂ p ಯ ಕಾಲು ಭಾಗದ ಹತ್ತಿರ ಇರುವುದನ್ನು ಗಮನಿಸಿ.

"n ≥ 20, p ≤ 0.05" ಅನ್ನುವ ಪರೀಕ್ಷೆಯ ನಿಯಮ ಎಲ್ಲರಿಗೂ ಬಾಯಿಪಾಠ. ಅದನ್ನು ಬರೆಯಿರಿ, ಅಂಕ ಸಿಗುತ್ತದೆ. ಆದರೆ ಅದರಲ್ಲಿ ಕೆಲಸ ಮಾಡುತ್ತಿರುವುದು p ≤ 0.05 ಅನ್ನುವ ಭಾಗ. p ಸಣ್ಣದಿದ್ದು n ಕೂಡಾ ಸಣ್ಣದಿದ್ದರೆ ಅಂದಾಜು ಕೆಡುವುದಿಲ್ಲ, λ ಮಾತ್ರ ತೀರಾ ಸಣ್ಣದಾಗುತ್ತದೆ. ಅಲ್ಲಿ ಬೈನಾಮಿಯಲ್ಲನ್ನೇ ಕೈಯಲ್ಲಿ ಮಾಡಬಹುದು, ಅಂದಾಜು ಯಾಕೆ ಬೇಕು?

ನೀವೇ ಬೇರೆ ಬೇರೆ p ಕೊಟ್ಟು ನೋಡಬೇಕೆಂದರೆ ಪೈಥಾನಿನಲ್ಲಿ ಇಷ್ಟು ಸಾಕು:

```python
from math import comb, exp, factorial

n, p = 100, 0.02
lam = n * p
for k in range(8):
    b = comb(n, k) * p**k * (1 - p)**(n - k)
    q = exp(-lam) * lam**k / factorial(k)
    print(k, round(b, 4), round(q, 4))
```

ಹಂತ 6: p ಒಂದರ ಹತ್ತಿರ ಇದ್ದರೆ ತಿರುಗಿಸಿ ಎಣಿಸಿ

50 ಅಡಿಕೆ ಸಸಿ ನೆಟ್ಟಿದ್ದೀರಿ, ಒಂದೊಂದೂ ಬದುಕುವ ಸಂಭವ 0.96. 48 ಅಥವಾ ಅದಕ್ಕಿಂತ ಜಾಸ್ತಿ ಬದುಕುವ ಸಂಭವ ಎಷ್ಟು? p = 0.96 ನೋಡಿ ಪಾಯ್ಸಾನ್ ಆಗುವುದಿಲ್ಲ ಅಂತ ಕೈಬಿಡಬೇಡಿ. ಸತ್ತದ್ದನ್ನು ಎಣಿಸಿ. ಅದರ p = 0.04, λ = 2. "48 ಅಥವಾ ಜಾಸ್ತಿ ಬದುಕುವುದು" ಅಂದರೆ "2 ಅಥವಾ ಕಡಿಮೆ ಸಾಯುವುದು". ಪಾಯ್ಸಾನ್: e^(−2) × (1 + 2 + 2) = 0.677. ಬೈನಾಮಿಯಲ್ ಲೆಕ್ಕ ಹಾಕಿದರೂ ಮೂರು ದಶಾಂಶಕ್ಕೆ ಅದೇ 0.677. ಪ್ರಶ್ನೆಯನ್ನು ತಿರುಗಿಸುವಾಗ "ಜಾಸ್ತಿ" ಇದ್ದದ್ದು "ಕಡಿಮೆ" ಆಗುತ್ತದೆ ಅನ್ನುವುದನ್ನು ಮರೆಯಬೇಡಿ. ತಪ್ಪು ಹೆಚ್ಚಾಗಿ ಆಗುವುದು ಅಲ್ಲೇ.

ಹಂತ 7: n ಇಲ್ಲದ ಕಡೆ, λ ಯನ್ನು ಅವಧಿಗೆ ಸರಿಯಾಗಿ ಅಳೆಯಿರಿ

ಸೊಸೈಟಿ ಕೌಂಟರಿಗೆ ಗಂಟೆಗೆ ಸರಾಸರಿ 6 ಜನ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಮುಂದಿನ 20 ನಿಮಿಷ ಯಾರೂ ಬರದಿರುವ ಸಂಭವ? ಇಲ್ಲಿ λ = 6 ಹಾಕಿದರೆ ಉತ್ತರ 0.0025 ಬರುತ್ತದೆ, ಅದು ಇಡೀ ಗಂಟೆ ಯಾರೂ ಬರದಿರುವ ಸಂಭವ. 20 ನಿಮಿಷಕ್ಕೆ λ = 2, ಉತ್ತರ 0.1353. ಬೈನಾಮಿಯಲ್ ಸೂತ್ರದಲ್ಲಿ n ಮತ್ತು p ಬೇರೆ ಬೇರೆ ಇರುವುದರಿಂದ ಈ ಗಲಿಬಿಲಿ ಕಡಿಮೆ. ಪಾಯ್ಸಾನಿನಲ್ಲಿ ಇರುವುದು ಒಂದೇ ಅಂಕಿ, ಅದರ ಜೊತೆ ಯಾವ ಅವಧಿ ಅನ್ನುವುದು ಅಂಟಿಕೊಂಡೇ ಇರುತ್ತದೆ. λ ಬರೆಯುವಾಗ ಪಕ್ಕದಲ್ಲಿ ಅವಧಿಯನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಈ ಪಾಯ್ಸಾನ್ ಕೂಡಾ ಒಳಗಿನಿಂದ ಬೈನಾಮಿಯಲ್ಲೇ. ಆ 20 ನಿಮಿಷವನ್ನು 1200 ಸೆಕೆಂಡುಗಳಾಗಿ ಕತ್ತರಿಸಿ. ಒಂದು ಸೆಕೆಂಡಿನಲ್ಲಿ ಒಬ್ಬರು ಬರುವ ಸಂಭವ 1/600. n = 1200, p ಬಹಳ ಸಣ್ಣದು. ಇನ್ನೂ ಸಣ್ಣಗೆ ಕತ್ತರಿಸುತ್ತಾ ಹೋದರೆ p ಸೊನ್ನೆಯತ್ತ ಜಾರುತ್ತದೆ, ಆಮೇಲೆ ಅದು ಅಂದಾಜು ಅಲ್ಲ, ನಿಖರ ಪಾಯ್ಸಾನ್. ಆದರೆ ಒಂದು ಷರತ್ತು: ಜನ ಒಬ್ಬೊಬ್ಬರಾಗಿ, ತಮ್ಮ ಪಾಡಿಗೆ ತಾವು ಬರಬೇಕು. ವಿಟ್ಲದ ಬಸ್ಸು ಬಂದು ನಿಂತು ಒಮ್ಮೆಗೇ ಏಳೆಂಟು ಜನ ಇಳಿದು ಕೌಂಟರಿಗೆ ಬಂದರೆ ಪಾಯ್ಸಾನ್ ನಿಲ್ಲುವುದಿಲ್ಲ.

n ಇದೆ, ಆದರೆ ಎಷ್ಟು ಅಂತ ಗೊತ್ತಿಲ್ಲ ಅನ್ನುವ ಸಂದರ್ಭವೂ ಇದೆ. ಇದಕ್ಕೆ ಪ್ರಸಿದ್ಧ ಉದಾಹರಣೆ 1898ರಲ್ಲಿ ಬೋರ್ಟ್‌ಕೀವಿಚ್ ಪ್ರಕಟಿಸಿದ ಅಂಕಿಗಳು: ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ. ಸಾಮಾನ್ಯವಾಗಿ ಉದಾಹರಿಸುವ 10 ತುಕಡಿ, 20 ವರ್ಷ, ಅಂದರೆ 200 ದಾಖಲೆಗಳಲ್ಲಿ 122 ಸಾವು. ಸರಾಸರಿ 0.61. ಒಂದೂ ಸಾವಿಲ್ಲದ ದಾಖಲೆ ಎಷ್ಟಿರಬೇಕು? 200 × e^(−0.61) = 108.7. ನಿಜವಾಗಿ ಇದ್ದದ್ದು 109. ಪ್ರತಿ ತುಕಡಿಯಲ್ಲಿ ಸೈನಿಕರು ಎಷ್ಟು, ಒಬ್ಬನಿಗೆ ಅಪಾಯ ಎಷ್ಟು ಅನ್ನುವುದು ಬೇಕಾಗಲೇ ಇಲ್ಲ. ಅವುಗಳ ಗುಣಲಬ್ಧ ಸಾಕಾಯಿತು.

ಹಂತ 8: ಬಾಲದ ಲೆಕ್ಕದಲ್ಲಿ ಎಚ್ಚರ

ಹಂತ 5ರ ಗ್ಯಾರಂಟಿ ವ್ಯತ್ಯಾಸಕ್ಕೆ ಮಾತ್ರ, ಅನುಪಾತಕ್ಕೆ ಅಲ್ಲ. ಅದೇ ಗೋಣಿಯಲ್ಲಿ 10 ಅಥವಾ ಜಾಸ್ತಿ ಕರಿಗೋಟು ಸಿಗುವ ಸಂಭವ ನೋಡಿ. ಬೈನಾಮಿಯಲ್: ಸುಮಾರು 0.000034. ಪಾಯ್ಸಾನ್: ಸುಮಾರು 0.000046. ವ್ಯತ್ಯಾಸ ಏನೇನೂ ಅಲ್ಲ ಅನಿಸುತ್ತದೆ. ಆದರೆ ಪಾಯ್ಸಾನ್ ಉತ್ತರ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಉಬ್ಬಿದೆ. ಲಕ್ಷಕ್ಕೆ ಎಷ್ಟು ಸಲ ಅಂತ ಕೇಳುವ ಕೆಲಸದಲ್ಲಿ ಇದು ದೊಡ್ಡ ತಪ್ಪು. ಬೈನಾಮಿಯಲ್ಲಿಗೆ ಮೇಲ್ಮಿತಿ ಇದೆ, ಪಾಯ್ಸಾನಿಗೆ ಇಲ್ಲ, ಹಾಗಾಗಿ ದೂರದ ಬಾಲದಲ್ಲಿ ಪಾಯ್ಸಾನ್ ಯಾವಾಗಲೂ ಜಾಸ್ತಿ ಹೇಳುತ್ತದೆ. ಅಪರೂಪದ ಘಟನೆಯ ಸಂಭವವೇ ಬೇಕಾಗಿದ್ದರೆ, ಕಂಪ್ಯೂಟರ್ ಕೈಯಲ್ಲಿರುವಾಗ, ನಿಖರ ಬೈನಾಮಿಯಲ್ಲನ್ನೇ ಮಾಡಿ.

ಹಂತ 9: ಎರಡೂ ಅಲ್ಲದಿದ್ದರೆ ಗೊತ್ತಾಗುವುದು ಹೇಗೆ?

ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಬಂದಿದೆ. 50 ಮರಗಳ ಎಂಟು ತುಂಡು ಜಾಗಗಳಲ್ಲಿ ರೋಗ ಹಿಡಿದ ಮರಗಳನ್ನು ಎಣಿಸಿದಿರಿ. ಉದಾಹರಣೆಗಾಗಿ ಎಣಿಕೆ ಹೀಗಿರಲಿ: 0, 1, 0, 9, 2, 0, 11, 1. ಮೇಲ್ಮಿತಿ ಇದೆ, ಒಟ್ಟು 400ರಲ್ಲಿ 24 ಮರ, p = 0.06. ಹಂತ 1 "ಬೈನಾಮಿಯಲ್" ಅನ್ನುತ್ತದೆ, ಹಂತ 5 "ಪಾಯ್ಸಾನ್ ಹೆಚ್ಚುಕಮ್ಮಿ ಆದೀತು" ಅನ್ನುತ್ತದೆ.

ಸರಾಸರಿ 3. ಈಗ ವೇರಿಯನ್ಸ್ ತೆಗೆಯಿರಿ. 3ರಿಂದ ಇರುವ ಅಂತರಗಳ ವರ್ಗಗಳ ಮೊತ್ತ 136, ಅದನ್ನು 7ರಿಂದ ಭಾಗಿಸಿದರೆ 19.4. ಬೈನಾಮಿಯಲ್ ಆಗಿದ್ದರೆ ಅದು 2.8ರ ಹತ್ತಿರ ಇರಬೇಕಿತ್ತು, ಪಾಯ್ಸಾನ್ ಆಗಿದ್ದರೆ 3ರ ಹತ್ತಿರ. ಇಲ್ಲಿ ಆರು ಪಟ್ಟಿಗಿಂತ ಜಾಸ್ತಿ. ಸೊನ್ನೆಗಳನ್ನೂ ನೋಡಿ: ಪಾಯ್ಸಾನ್ ಪ್ರಕಾರ ಒಂದು ತುಂಡು ಪೂರ್ತಿ ರೋಗಮುಕ್ತ ಆಗಿರುವ ಸಂಭವ e^(−3) = 0.05, ಎಂಟರಲ್ಲಿ ಒಂದು ಸಿಗುವುದೂ ಕಷ್ಟ. ಸಿಕ್ಕಿದ್ದು ಮೂರು.

ಕಾರಣ ತೋಟ ಕಂಡವರಿಗೆ ಗೊತ್ತೇ ಇದೆ. ಕೊಳೆರೋಗ ಮಳೆಹನಿ, ಗಾಳಿಯ ಜೊತೆ ಹತ್ತಿರದ ಮರಕ್ಕೆ ಹರಡುತ್ತದೆ. ಒಂದು ಮರಕ್ಕೆ ಬಂದರೆ ಪಕ್ಕದ್ದಕ್ಕೆ ಬರುವ ಸಂಭವ ಏರುತ್ತದೆ. ಹಂತ 2ರ ಸ್ವಾತಂತ್ರ್ಯ ಇಲ್ಲಿ ಇಲ್ಲ. ಬೋರ್ಡೋ ದ್ರಾವಣ ಸಿಂಪಡಿಸಿದ ತುಂಡು, ಸಿಂಪಡಿಸದ ತುಂಡು ಬೆರೆತಿದ್ದರೆ p ಕೂಡಾ ಎಲ್ಲ ಕಡೆ ಒಂದೇ ಅಲ್ಲ.

ಹಾಗಾಗಿ ಒಂದಕ್ಕಿಂತ ಹೆಚ್ಚು ಎಣಿಕೆ ಕೈಯಲ್ಲಿದ್ದಾಗ ವೇರಿಯನ್ಸನ್ನು ಸರಾಸರಿಯಿಂದ ಭಾಗಿಸಿ. 1ಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದರೆ ಬೈನಾಮಿಯಲ್ ಕಡೆ ವಾಲಿ. 1ರ ಆಸುಪಾಸು ಇದ್ದರೆ ಪಾಯ್ಸಾನ್ ಹೊಂದುತ್ತದೆ. 1ನ್ನು ಬಹಳ ದಾಟಿದರೆ ಎರಡನ್ನೂ ಬಿಡಿ, ನೆಗೆಟಿವ್ ಬೈನಾಮಿಯಲ್ಲಿನಂಥದ್ದನ್ನು ಹುಡುಕಿ. ಎಂಟೇ ಎಣಿಕೆ ಇದ್ದಾಗ ಈ ಅನುಪಾತ ಸುಮ್ನೆ ಆಕಸ್ಮಿಕವಾಗಿಯೇ ಅರ್ಧದಷ್ಟು ಅತ್ತಿತ್ತ ಆಡುತ್ತದೆ. 0.7 ಅಥವಾ 1.4 ಬಂದರೆ ಅದರಿಂದ ಏನನ್ನೂ ಹೇಳಲಾಗದು, ಇನ್ನಷ್ಟು ತುಂಡುಗಳನ್ನು ಎಣಿಸಬೇಕು. ಆದರೆ 6.5 ಬಂದರೆ ಅದು ಆಕಸ್ಮಿಕ ಅಲ್ಲ. ಅಂಥ ತೋಟದಲ್ಲಿ "ಮುಂದಿನ ತುಂಡಿನಲ್ಲಿ 8ಕ್ಕಿಂತ ಜಾಸ್ತಿ ಮರಕ್ಕೆ ರೋಗ ಇರುವ ಸಂಭವ" ಅಂತ ಪಾಯ್ಸಾನ್ ಕೋಷ್ಟಕ ನೋಡಿದರೆ 0.004 ಸಿಗುತ್ತದೆ, ನಿಮ್ಮ ಎಂಟು ತುಂಡುಗಳಲ್ಲಿ ಎರಡು ಆಗಲೇ ಅದನ್ನು ದಾಟಿವೆ.